ಗುರು ಯಾಕೆ ಸಾಯಬೇಕು?

ಸಿನಿಮಾದಲ್ಲಿ ಗಡ್ಡದ ಅಜ್ಜ ಒಬ್ಬರು ಬಂದು ಹುಡುಗನಿಗೆ ಕತ್ತಿ ಹಿಡಿಯೋದು ಕಲಿಸಿದ ಕೂಡಲೇ ನನ್ನ ಹೆಂಡತಿ, ‘ಇವ್ರು ಕ್ಲೈಮ್ಯಾಕ್ಸ್ ತನಕ ಇರಲ್ಲ ಬಿಡಿ’ ಅಂತಾಳೆ. ಹೆಚ್ಚು ಸಲ ಅವಳು ಹೇಳಿದ್ದೇ ಆಗುತ್ತೆ. ನಮ್ಮನ್ನ ಅಳಿಸೋಕೆ ಹೀಗೆ ಮಾಡ್ತಾರೆ ಅಂತ ನಾನು ಅಂದ್ಕೊಂಡಿದ್ದೆ. 1977ರ ‘ಸ್ಟಾರ್ ವಾರ್ಸ್’ ಮತ್ತೆ ನೋಡಿದಾಗ ವಿಷಯ ಅಷ್ಟೇ ಅಲ್ಲ ಅನ್ನಿಸಿತು.

ಜಾರ್ಜ್ ಲ್ಯೂಕಾಸ್ ಮೊದಲು ಬರೆದ ಸ್ಕ್ರಿಪ್ಟಿನಲ್ಲಿ ಗುರು ಓಬಿ-ವಾನ್ ಸಾಯೋದಿಲ್ಲ. ಆದರೆ ಶತ್ರುವಿನ ಕೋಟೆಯಿಂದ ತಪ್ಪಿಸಿಕೊಂಡು ಬಂದ ಮೇಲೆ ಅವನಿಗೆ ಕೆಲಸವೇ ಇರಲಿಲ್ಲ; ಕೊನೆಯ ಯುದ್ಧದಲ್ಲಿ ಸುಮ್ಮನೆ ನಿಂತು ನೋಡಬೇಕಿತ್ತು. ಹಾಗಾಗಿ ಸಿನಿಮಾ ತಯಾರಾಗ್ತಿದ್ದಾಗಲೇ ಅವನನ್ನ ಸಾಯಿಸೋದು ಅಂತ ಆಯ್ತು. ಆ ಪಾತ್ರ ಮಾಡ್ತಿದ್ದ ಅಲೆಕ್ ಗಿನ್ನೆಸ್‌ಗೆ ಇದು ಮೊದಲು ಇಷ್ಟವಾಗಲಿಲ್ಲ.

ಈಗ ಆ ಸಾವು ಇಲ್ಲ ಅಂದ್ಕೊಳ್ಳಿ. ಲ್ಯೂಕ್‌ಗಿಂತ ಹೆಚ್ಚು ಬಲ್ಲವನು ಪಕ್ಕದಲ್ಲೇ ಇದ್ದಾನೆ. ಅಂಥವನನ್ನ ಬಿಟ್ಟು ಹುಡುಗ ಯಾಕೆ ಯುದ್ಧಕ್ಕೆ ಹೋಗಬೇಕು? ಗುರು ಸತ್ತಾಗ ಈ ಪ್ರಶ್ನೆ ಹೋಗುತ್ತೆ. ಕೊನೆಯಲ್ಲಿ ಲ್ಯೂಕ್‌ಗೆ ಗುರುವಿನ ದನಿ ಕೇಳಿಸುತ್ತೆ, ಗುರಿಯಿಡೋ ಯಂತ್ರವನ್ನ ಆಫ್ ಮಾಡ್ತಾನೆ. ದನಿ ನೆನಪಿಸಬಹುದು, ಗುಂಡಿ ಒತ್ತೋಕೆ ಆಗಲ್ಲ. ಪಾಠ ಎಷ್ಟು ಒಳಗಿಳಿದಿದೆ ಅಂತ ಪರೀಕ್ಷೆ ಆಗೋದು ಅಲ್ಲೇ.

ಇದೇ ಸೂತ್ರವನ್ನ ತಲೆಕೆಳಗು ಮಾಡಿದ ಸಿನಿಮಾ ನಮ್ಮಲ್ಲೇ ಇದೆ: ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972). ಚಾಮಯ್ಯ ಮೇಷ್ಟ್ರು ಸಾಯೋದು ಕೊನೆಯಲ್ಲಿ. ಅಷ್ಟರಲ್ಲಿ ಅವರ ಪಾಠ ಸೋತೂ ಆಗಿರುತ್ತೆ. ಅವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನ ಬಿಟ್ಟುಕೊಟ್ಟ. ಮುಂದೆ ಅವಳ ಬದುಕು ಏನಾಯ್ತು ಅಂತ ಕಣ್ಣಾರೆ ಕಂಡ. ಈಗ ಮಾರ್ಗರೆಟ್ ವಿಷಯದಲ್ಲೂ ಅದೇ ಮಾತು. ದುರ್ಗದ ಬಂಡೆ ಮೇಲೆ ಸಿಟ್ಟಲ್ಲಿ ತಳ್ಳಿದ್ದಕ್ಕೆ ಮೇಷ್ಟ್ರು ಕೆಳಗೆ ಬೀಳ್ತಾರೆ.

ಲ್ಯೂಕ್‌ನ ಗುರುವನ್ನ ಕೊಂದದ್ದು ಶತ್ರು, ಹಾಗಾಗಿ ದುಃಖಕ್ಕೆ ಒಂದು ದಾರಿ ಸಿಗುತ್ತೆ. ರಾಮಾಚಾರಿಗೆ ಆ ದಾರಿಯೂ ಇಲ್ಲ, ಕೈ ಅವನದೇ. ಇಡೀ ಊರಲ್ಲಿ ಅವನು ಮಾತು ಕೇಳ್ತಿದ್ದದ್ದು ಆ ಒಬ್ಬ ಮನುಷ್ಯನದು. ಮೇಷ್ಟ್ರು ಹೋದ ಮೇಲೆ ಅವನು ಸ್ವತಂತ್ರ ಆಗಲಿಲ್ಲ, ಉಳಿಯಲೇ ಇಲ್ಲ.

ಹಾಗಾಗಿ ಈಗ ಪರದೆ ಮೇಲೆ ಗುರು ಸತ್ತಾಗ ನಾನು ಒಂದೇ ಪ್ರಶ್ನೆ ಕೇಳ್ಕೋತೀನಿ: ಇವರು ಬದುಕಿದ್ದಿದ್ದರೆ ಶಿಷ್ಯ ಮುಂದೆ ಮಾಡೋ ಕೆಲಸ ಬೇರೆ ಆಗ್ತಿತ್ತಾ? ಬರೀ ಸೇಡಿಗೆ ನೆಪ, ಒಂದು ಹಾಡು, ಗೋಡೆಗೆ ಹಾರ ಹಾಕಿದ ಫೋಟೋ, ಇಷ್ಟೇ ಆದ್ರೆ ಆ ಸಾವು ದಂಡ. ಗುರು ಇದ್ದಾಗ ಕೇಳಿ ಮಾಡ್ತಿದ್ದದ್ದನ್ನ ಶಿಷ್ಯ ಈಗ ಒಬ್ಬನೇ ತೀರ್ಮಾನಿಸಬೇಕು, ತಪ್ಪಿದ್ರೆ ತಾನೇ ಹೊರಬೇಕು. ಅಷ್ಟು ಆಗಿದ್ರೆ ನಾನೂ ಕಣ್ಣೊರೆಸಿಕೊಳ್ತೀನಿ.