ತಾಳೆ ಬಿದ್ದರೂ ತಪ್ಪಾದ ಲೆಕ್ಕ

ಪಿಯುಸಿ ಮಕ್ಕಳ ಕಿರ್ಕಾಫ್ ಲೆಕ್ಕ ತಿದ್ದುವುದು ನನಗಿಷ್ಟದ ಕೆಲಸ. ಅಲ್ಲಿ ತಪ್ಪು ಉತ್ತರ ಕೆಲವೊಮ್ಮೆ ಸರಿ ಉತ್ತರಕ್ಕಿಂತ ನೀಟಾಗಿರುತ್ತದೆ.

ಎ, ಬಿ ಎಂಬ ಎರಡು ಬಿಂದುಗಳ ನಡುವೆ ಮೂರು ಕವಲುಗಳಿವೆ ಅನ್ನಿ. ಎಡಗವಲಿನಲ್ಲಿ 12 ವೋಲ್ಟ್ ಬ್ಯಾಟರಿ, 2 ಓಮ್ ರೋಧಕ. ಬಲಗವಲಿನಲ್ಲಿ 4 ವೋಲ್ಟ್, 2 ಓಮ್. ನಡುಗವಲಿನಲ್ಲಿ ಬರೀ 3 ಓಮ್. ಎರಡೂ ಬ್ಯಾಟರಿಗಳ ಪ್ಲಸ್ ತುದಿ ಮೇಲೆ, ಎ ಕಡೆಗೆ. ಎಡದ I₁, ಬಲದ I₂ ಎರಡೂ ಎ ಸೇರುತ್ತವೆ, I₃ ನಡುವೆ ಕೆಳಗಿಳಿಯುತ್ತದೆ ಎಂದು ಬಾಣ ಹಾಕಿದ್ದೇವೆ.

ಜಂಕ್ಷನ್ ನಿಯಮದಿಂದ I₃ = I₁ + I₂. ಎಡ ಲೂಪಿಗೆ 12 − 2I₁ − 3I₃ = 0. ಇಲ್ಲಿಯವರೆಗೆ ಎಲ್ಲರೂ ಸರಿ. ಬಲಗವಲನ್ನು ಹತ್ತಿ ನಡುವೆ ಇಳಿದರೆ ಸುತ್ತು ಗಡಿಯಾರಕ್ಕೆ ವಿರುದ್ಧವಾಗುತ್ತದೆ. ಅದಕ್ಕೇ ಒಬ್ಬ ಹುಡುಗ ಚಿಹ್ನೆ ತಿರುಗಿಸಿ 4 + 2I₂ − 3I₃ = 0 ಎಂದು ಬರೆಯುತ್ತಾನೆ. ಗಡಿಯಾರಕ್ಕೂ ಚಿಹ್ನೆಗೂ ಸಂಬಂಧವಿಲ್ಲ. ರೋಧಕದಲ್ಲಿ ಬಾಣದ ಜೊತೆ ನಡೆದರೆ ವೋಲ್ಟೇಜ್ ಇಳಿಯುತ್ತದೆ, ಎದುರು ನಡೆದರೆ ಏರುತ್ತದೆ. ಅವನು ನಡೆದದ್ದು ಬಾಣದ ಜೊತೆಗೇ, ಹಾಗಾಗಿ ಅಲ್ಲಿ −2I₂ ಬರಬೇಕಿತ್ತು.

ಅವನಿಗೆ ಸಿಗುವ ಉತ್ತರ 0, 4, 4 ಆಂಪಿಯರ್. ಜಂಕ್ಷನ್ ಸರಿಹೋಗುತ್ತದೆ, ಸಮೀಕರಣಗಳಿಗೆ ಹಾಕಿ ನೋಡಿದರೂ ತಾಳೆ ಬೀಳುತ್ತದೆ. ಬೀಳದೆ ಏನು, ತಪ್ಪು ಸಮೀಕರಣವನ್ನೇ ತಪ್ಪಿಗೆ ಸಾಕ್ಷಿ ಕರೆದಂತಾಯಿತು!

ಹಾಗಾಗಿ ನಾನು ಸಮೀಕರಣ ಮುಚ್ಚಿಟ್ಟು ಚಿತ್ರ ನೋಡುತ್ತೇನೆ. ಎ ಮತ್ತು ಬಿ ನಡುವಿನ ವೋಲ್ಟೇಜನ್ನು ಮೂರೂ ಕವಲುಗಳಲ್ಲಿ ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಒಂದೇ ಬರಬೇಕು. ಅವನ ಉತ್ತರದಲ್ಲಿ ಎಡದಿಂದ 12, ನಡುವಿನಿಂದ 12, ಬಲದಿಂದ 4 − 8, ಅಂದರೆ −4. ಕಳ್ಳ ಬಲಗವಲಿನಲ್ಲೇ ಸಿಕ್ಕಿಬಿದ್ದ. ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತದೆ: ಬ್ಯಾಟರಿಗಳು ಕೊಟ್ಟದ್ದು 16 ವಾಟ್, ರೋಧಕಗಳು ಸುಟ್ಟದ್ದು 80.

ಸರಿ ಉತ್ತರ I₁ = 3, I₂ = −1, I₃ = 2. ಮೂರೂ ದಾರಿಯಲ್ಲಿ 6 ವೋಲ್ಟ್. ಆ −1 ಕಂಡರೆ ಕೆಲವರು ಗಾಬರಿಯಾಗಿ ಮೈನಸ್ ಅಳಿಸಿಬಿಡುತ್ತಾರೆ; ಆಗ 3 + 1 = 2 ಆಗಿ ಜಂಕ್ಷನ್ನೇ ಕೆಡುತ್ತದೆ. ಮೈನಸ್ ಹೇಳುವುದಿಷ್ಟೇ: ಕರೆಂಟು ಬಾಣಕ್ಕೆ ಎದುರಾಗಿ ಹರಿದು 4 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ. ಅದಕ್ಕೇ 12 ವೋಲ್ಟಿನದು ಕೊಡುವ 36 ವಾಟ್‌ನಲ್ಲಿ 4 ವಾಟ್ ಅಲ್ಲಿಗೆ ಹೋಗಿ, ಉಳಿದ 32 ರೋಧಕಗಳಲ್ಲಿ ಬಿಸಿಯಾಗುತ್ತದೆ.

ಈ ಪರೀಕ್ಷೆಗೂ ಕಣ್ಣು ತಪ್ಪಿಸುವ ಒಂದು ತಪ್ಪಿದೆ. ಬ್ಯಾಟರಿಯ ಉದ್ದ ಗೆರೆ ಪ್ಲಸ್, ಗಿಡ್ಡದು ಮೈನಸ್. ಅದನ್ನೇ ತಿರುವುಮುರುವಾಗಿ ಓದಿ ಬಲಬದಿಗೆ −4 ಎಂದು ಹಾಕಿದರೆ 4.5, −3.5, 1 ಬರುತ್ತದೆ. ಪರೀಕ್ಷೆಯಲ್ಲೂ ಅದೇ −4 ಬಳಸಿದರೆ ಮೂರು ದಾರಿಯಲ್ಲೂ 3 ವೋಲ್ಟ್, ಶಕ್ತಿಯೂ ಎರಡು ಕಡೆ 68 ವಾಟ್. ಆಗ ಪೆನ್ನು ಕೆಳಗಿಟ್ಟು ಗೆರೆಗಳ ಉದ್ದ ನೋಡುವುದೊಂದೇ ದಾರಿ.