ಕೆಂಪು ವೈನು ನಾಲಗೆಗೆ, ಹೃದಯಕ್ಕಲ್ಲ

ನಮ್ಮ ಕಗ್ಗದಾಸಪುರದ ಕಡೆ ಯಾವ ಮದ್ಯದಂಗಡಿಯಲ್ಲಿ ಕೆಂಪು ವೈನ್ ಕೇಳಿದರೂ ಪಕ್ಕದಲ್ಲಿ ನಿಂತವರು ಒಂದು ಮಾತು ಆಡಿಯೇ ಆಡುತ್ತಾರೆ: "ಒಳ್ಳೇದು ಸಾರ್, ಅದು ಹಾರ್ಟಿಗೆ ಒಳ್ಳೇದಂತೆ." ರಮ್ ಕೊಳ್ಳುವವರಿಗೆ ಯಾರೂ ಹೀಗೆ ಹೇಳುವುದಿಲ್ಲ. ಈ ಅಂಕಣದಲ್ಲಿ ವೈನಿನ ರುಚಿಯ ಬಗ್ಗೆ ಎಷ್ಟೋ ಬರೆದಿದ್ದೇನೆ. ಈ ವಾರ ಆ ಮಾತನ್ನೇ ಪರೀಕ್ಷೆಗೆ ಹಚ್ಚುತ್ತೇನೆ.

ಮಾತು ಹರಡಿದ್ದು 1991ರಲ್ಲಿ, ಅಮೆರಿಕದ ಒಂದು ಟೀವಿ ಕಾರ್ಯಕ್ರಮದಿಂದ. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದಯಾಘಾತ ಕಡಿಮೆ, ಅದಕ್ಕೆ ಕಾರಣ ವೈನ್ ಇರಬಹುದು ಎಂದು ವಿಜ್ಞಾನಿ ಸೆರ್ಜ್ ರೆನೊ ಅದರಲ್ಲಿ ವಾದಿಸಿದರು. ವೈನಿನಲ್ಲಿರುವ ಯಾವ ವಸ್ತು ಎಂಬ ಹುಡುಕಾಟ ರೆಸ್ವೆರಟ್ರಾಲ್‌ಗೆ ಬಂದು ನಿಂತಿತು. ಬೂಷ್ಟು ರೋಗ ತಗುಲಿದಾಗ ದ್ರಾಕ್ಷಿ ತನ್ನ ರಕ್ಷಣೆಗೆಂದು ಸಿಪ್ಪೆಯಲ್ಲಿ ತಯಾರಿಸಿಕೊಳ್ಳುವ ವಸ್ತುವಿದು. ದೊಡ್ಡಬಳ್ಳಾಪುರದ ಗ್ರೋವರ್‌ನವರ ಲಾ ರಿಸರ್ವ್‌ನಂಥ ಕೆಂಪು ವೈನಿನಲ್ಲಿ ರಸ ಸಿಪ್ಪೆಯ ಜೊತೆಗೇ ಹುಳಿಯುತ್ತದೆ. ಬಣ್ಣ, ಒಗರಿನ ಜೊತೆ ರೆಸ್ವೆರಟ್ರಾಲ್ ಕೂಡ ರಸಕ್ಕಿಳಿಯುತ್ತದೆ. ಬಿಳಿ ವೈನಿಗೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಅದರಲ್ಲಿ ಇದು ತೀರಾ ಕಡಿಮೆ.

ಆದರೆ ಇಳಿಯುವುದು ಎಷ್ಟು? ಲೀಟರಿಗೆ ಸುಮಾರು 2 ಮಿಲಿಗ್ರಾಂ. 2006ರಲ್ಲಿ ಕೊಬ್ಬಿನ ಆಹಾರ ತಿಂದೂ ಚೆನ್ನಾಗಿ ಬದುಕಿ ಸುದ್ದಿಯಾದ ಇಲಿಗಳಿಗೆ ಕೊಟ್ಟದ್ದು ದೇಹದ ಪ್ರತಿ ಕಿಲೋಗೆ ದಿನಕ್ಕೆ 22 ಮಿಲಿಗ್ರಾಂ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ಇಳಿಸುವಾಗ ಔಷಧ ತಜ್ಞರು ಸುಮಾರು ಹನ್ನೆರಡರಿಂದ ಭಾಗಿಸುತ್ತಾರೆ. ಹಾಗೆ ಇಳಿಸಿದರೂ 60 ಕಿಲೋ ತೂಕದವರು ದಿನಕ್ಕೆ ಎಪ್ಪತ್ತು ಬಾಟಲಿಯಷ್ಟು ಕುಡಿಯಬೇಕು! ಕುಡಿದದ್ದೂ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಕರುಳು ಮತ್ತು ಯಕೃತ್ತು ಅದರ ಬಹುಪಾಲನ್ನು ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಇಟಲಿಯ ಕಿಯಾಂತಿ ಸೀಮೆ ವೈನಿಗೇ ಹೆಸರಾದದ್ದು. ಅಲ್ಲಿನ 783 ಹಿರಿಯರ ಮೂತ್ರದಲ್ಲಿ ರೆಸ್ವೆರಟ್ರಾಲಿನ ಕುರುಹನ್ನು ಅಳೆದು ಒಂಬತ್ತು ವರ್ಷ ಗಮನಿಸಿದರು. ಹೆಚ್ಚು ಇದ್ದವರಿಗೂ ಕಡಿಮೆ ಇದ್ದವರಿಗೂ ಹೃದ್ರೋಗದಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಈ ವರದಿ ಬಂದ ಮೇಲೆ ರೆಸ್ವೆರಟ್ರಾಲಿನ ಮಾತನ್ನು ನಾನು ಅಲ್ಲಿಗೇ ಬಿಟ್ಟಿದ್ದೇನೆ.

ಉಳಿದದ್ದು ಆಲ್ಕೊಹಾಲ್. ಮಿತವಾಗಿ ಕುಡಿಯುವವರಿಗೆ ಕುಡಿಯದವರಿಗಿಂತ ಹೃದಯಾಘಾತ ಕಡಿಮೆ ಎಂದು ಹಲವು ಸಮೀಕ್ಷೆಗಳು ತೋರಿಸಿದ್ದು ನಿಜ. ಇಲ್ಲಿ ನಮ್ಮ ಊರಿನವರೇ ಸೇರಿ ಮಾಡಿದ ಒಂದು ಅಧ್ಯಯನ ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅದು. ಮೊದಲ ಸಲ ಹೃದಯಾಘಾತವಾದವರನ್ನು, ಅದೇ ವಯಸ್ಸಿನ ಹೃದ್ರೋಗವಿಲ್ಲದವರ ಜೊತೆ ಹೋಲಿಸಿದರು. 2004ರಲ್ಲಿ ಬಂದ ಒಟ್ಟು ಫಲಿತಾಂಶದಲ್ಲಿ ನಿಯಮಿತ ಕುಡಿತಕ್ಕೆ ಚಿಕ್ಕದೊಂದು ರಕ್ಷಣೆ ಕಂಡಿತು. 2007ರಲ್ಲಿ ದಕ್ಷಿಣ ಏಷ್ಯಾದವರನ್ನಷ್ಟೇ ಬೇರೆ ತೆಗೆದು ನೋಡಿದರು. ಆ ವರದಿ ಬರೆದವರಲ್ಲಿ ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್ ಕೂಡ ಇದ್ದರು. ಬೇರೆ ದೇಶಗಳಲ್ಲಿ ಕಂಡ ರಕ್ಷಣೆ ನಮ್ಮಲ್ಲಿ ಕಾಣಲೇ ಇಲ್ಲ. ನಮ್ಮವರಿಗೆ ಮೊದಲ ಹೃದಯಾಘಾತ ಆಗುತ್ತಿದ್ದುದು ಸರಾಸರಿ 53ರ ಹೊತ್ತಿಗೆ, ಇತರರಿಗಿಂತ ಸುಮಾರು ಆರು ವರ್ಷ ಮೊದಲು.

ಕುಡಿತದ ರಕ್ಷಣೆ ನಮ್ಮಲ್ಲಿ ಕಾಣದ್ದೇಕೆ? ನಮ್ಮಲ್ಲಿ ಊಟದ ಜೊತೆ ಒಂದು ಲೋಟ ಎನ್ನುವ ಪದ್ಧತಿ ಕಡಿಮೆ; ವಾರಾಂತ್ಯದಲ್ಲಿ ಒಟ್ಟಿಗೆ ವಿಸ್ಕಿ, ಬ್ರಾಂದಿ ಕುಡಿಯುವವರೇ ಹೆಚ್ಚು ಎಂಬುದು ಒಂದು ವಿವರಣೆ. ಇಂಟರ್‌ಹಾರ್ಟ್‌ನದೇ ಮುಂದಿನ ವಿಶ್ಲೇಷಣೆಯಲ್ಲಿ, ಒಂದೇ ದಿನ ಆರು ಪೆಗ್ ಅಥವಾ ಅದಕ್ಕೂ ಹೆಚ್ಚು ಕುಡಿದವರಿಗೆ ಮರುದಿನದೊಳಗೆ ಹೃದಯಾಘಾತದ ಅಪಾಯ ಏರಿದ್ದು ಕಂಡಿದೆ. ನನಗೆ ಇನ್ನೊಂದು ವಿವರಣೆ ಹೆಚ್ಚು ಒಪ್ಪಿತ: ಆ ರಕ್ಷಣೆ ಎಲ್ಲಿಯೂ ಇರಲಿಲ್ಲ. "ಕುಡಿಯದವರು" ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಬಿಟ್ಟವರೂ ಇರುತ್ತಾರೆ. ಪಶ್ಚಿಮದಲ್ಲಿ ದಿನಕ್ಕೊಂದು ಲೋಟ ವೈನ್ ಕುಡಿಯುವವರು ಸಾಮಾನ್ಯವಾಗಿ ಅನುಕೂಲಸ್ಥರು, ನಡೆದಾಡುವವರು, ತರಕಾರಿ ತಿನ್ನುವವರು. ಇದನ್ನು ಸೋಸಲು 2014ರಲ್ಲಿ ಸಂಶೋಧಕರು ವಂಶವಾಹಿಯ ಮೊರೆಹೋದರು. ಕುಡಿತ ಒಗ್ಗದಂತೆ ಮಾಡುವ ಒಂದು ವಂಶವಾಹಿ ಹುಟ್ಟಿನಿಂದಲೇ ಬರುತ್ತದೆ, ಸಂಬಳ ನೋಡಿ ಬರುವುದಿಲ್ಲ. ಅದು ಇದ್ದವರು ಕಡಿಮೆ ಕುಡಿಯುತ್ತಿದ್ದರು, ಅವರಲ್ಲಿ ಹೃದ್ರೋಗವೂ ಕಡಿಮೆಯಿತ್ತು.

ಹಾಗಾಗಿ ಊಟದ ಜೊತೆ ನೂರೈವತ್ತು ಎಂಎಲ್ ಸುರಿದುಕೊಳ್ಳುವವರು ಅದರ ಪರಿಮಳಕ್ಕಾಗಿ, ಒಗರಿಗಾಗಿ ಸುರಿದುಕೊಳ್ಳಿ. ಕುಡಿಯದವರು ಹೃದಯದ ನೆಪದಲ್ಲಿ ಶುರುಮಾಡಬೇಡಿ. ಬೀಪಿ ಮಾತ್ರೆ ನುಂಗುವವರು ಎಷ್ಟು ಕುಡಿಯುತ್ತೀರೆಂಬ ನಿಜವಾದ ಲೆಕ್ಕವನ್ನು ನಿಮ್ಮ ಡಾಕ್ಟರಿಗೆ ಹೇಳಿ.