ಕೆರೆಗೆ ಹಾರವಾದವಳನ್ನು ಕೇಳಿದವರಾರು?

ಕನ್ನಡದ ಜನಪದ ಕಥನಗೀತಗಳಲ್ಲಿ ‘ಕೆರೆಗೆ ಹಾರ’ದಷ್ಟು ಪ್ರಸಿದ್ಧವಾದುದು ವಿರಳ. ಉತ್ತರ ಕರ್ಣಾಟಕದ ಹೆಂಗಸರ ಬಾಯಿಂದ ಬಂದ ಹಾಡಾದರೂ ಶಾಮನೂರು, ದಾವಣಗೆರೆ, ಹರಿಹರಗಳ ಸೀಮೆಯವರಿಗೆ ಅದು ಪರಸ್ಥಳದ ಕಥೆಯೆಂದು ತೋರಲಾರದು. ಭದ್ರೆಯ ನಾಲೆ ಬರುವುದಕ್ಕೆ ಮುನ್ನ ಈ ನಾಡಿನ ಬೇಸಾಯವು ಮಳೆಯನ್ನೂ ಕೆರೆಬಾವಿಗಳನ್ನೂ ನಂಬಿ ನಿಂತಿತ್ತು. ಚನ್ನಗಿರಿಯ ಕಡೆಯ ಸೂಳೆಕೆರೆಗೂ ಶಾಂತವ್ವೆಯೆಂಬ ಹೆಣ್ಣಿನ ಐತಿಹ್ಯವು ಅಂಟಿಕೊಂಡಿದೆ. ಕೆರೆಯಲ್ಲಿ ನೀರು ನಿಲ್ಲದಿದ್ದರೆ ಊರಿಗೆ ಏನಾಗುವುದೆಂಬುದನ್ನು ಇಲ್ಲಿನ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಕೊನೆಗೊಂದು ಫಲಶ್ರುತಿಯನ್ನು ಸೇರಿಸುವುದು ರೂಢಿ: ಊರಿನ ಹಿತಕ್ಕಾಗಿ ಭಾಗೀರಥಿಯು ಪ್ರಾಣವನ್ನು ಅರ್ಪಿಸಿದಳು, ತ್ಯಾಗಕ್ಕಿಂತ ಹಿರಿದಾದ ಧರ್ಮವಿಲ್ಲ ಎಂದು. ಹಾಡನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಫಲಶ್ರುತಿಯು ಹಾಡಿನದಲ್ಲ, ಹೇಳುವವರದು ಎಂಬುದು ಗೋಚರಿಸುವುದು. ಹಾಡುವವರಿಂದ ಹಾಡುವವರಿಗೆ ಪಾಠವು ಕೆಲಮಟ್ಟಿಗೆ ಬದಲಾಗುವುದುಂಟು. ಇಲ್ಲಿ ಅವಲಂಬಿಸಿರುವುದು ಪ್ರಚಲಿತವಾದ ಪಾಠವನ್ನು.

ಕಲ್ಲನಕೇರಿಯ ಮಲ್ಲನಗೌಡನು ಕೆರೆಯೊಂದನ್ನು ಕಟ್ಟಿಸುತ್ತಾನೆ. ಅದರಲ್ಲಿ ಹನಿ ನೀರೂ ಬೀಳದು. ಹೊತ್ತಗೆಯನ್ನು ತೆಗೆಸಿ ಕೇಳಿದಾಗ ಹಿರಿಯ ಸೊಸೆ ಮಲ್ಲವ್ವನನ್ನು ಹಾರವಾಗಿ ಕೊಡಬೇಕೆಂಬ ಮಾತು ಬರುತ್ತದೆ. ಆದರೆ ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲದಂತಾಗುವುದು. ಆದುದರಿಂದ ಕಿರಿಯವಳಾದ ಭಾಗೀರಥಿಯೇ ಆಗಲಿ ಎಂದು ತೀರ್ಮಾನವಾಗುತ್ತದೆ. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಊರಿಗೆ ನೀರು ಬೇಕೆಂಬುದು ಒಂದು ಧರ್ಮವೆಂದೇ ಇಟ್ಟುಕೊಳ್ಳೋಣ. ಆದರೆ ಮಲ್ಲವ್ವನ ಸ್ಥಾನದಲ್ಲಿ ಭಾಗೀರಥಿಯನ್ನು ನಿಲ್ಲಿಸಿದ ಕಾರಣವು ಊರಿನದಲ್ಲ, ಮನೆಯ ಅನುಕೂಲದ್ದು. ದೈವವು ಕೇಳಿತೆಂದು ನಂಬಿದ ಬಲಿಯನ್ನೇ ಬದಲಿಸಬಹುದೆಂದಾದ ಮೇಲೆ, ಬಲಿಯನ್ನೇ ಕೊಡದಿರುವ ಯೋಚನೆಯು ಏಕೆ ಬರಲಿಲ್ಲ? ಹಿರಿಯರ ಸಂಕಟದಲ್ಲಿ ಎಷ್ಟು ಭಾಗ ಕರ್ತವ್ಯ, ಎಷ್ಟು ಭಾಗ ಲೆಕ್ಕಾಚಾರ ಎಂಬ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ.

ಸಂಸ್ಕೃತವನ್ನು ಬಲ್ಲವರಿಗೆ ಐತರೇಯ ಬ್ರಾಹ್ಮಣದ ಶುನಃಶೇಪನ ಆಖ್ಯಾನವು ತಾನಾಗಿ ಜ್ಞಾಪಕಕ್ಕೆ ಬರುವುದು. ಅಲ್ಲಿಯೂ ಬಲಿಯನ್ನು ಕೇಳುವವನು ನೀರಿನ ಒಡೆಯನಾದ ವರುಣ. ಹರಿಶ್ಚಂದ್ರನ ಮಗ ರೋಹಿತನಿಗೆ ಬದಲಾಗಿ ಬೇರೊಬ್ಬನು ಬೇಕಾದಾಗ, ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನು ನೂರು ಹಸುಗಳಿಗೆ ಮಗನನ್ನು ಮಾರಲು ಒಪ್ಪುತ್ತಾನೆ. ಹಿರಿಯವನನ್ನು ತಂದೆ ಬಿಡನು, ಕಿರಿಯವನನ್ನು ತಾಯಿ ಬಿಡಳು. ನಡುವಿನವನಾದ ಶುನಃಶೇಪನು ಯೂಪದ ಬಳಿಗೆ ಹೋಗುತ್ತಾನೆ. ಎರಡು ಕಥೆಗಳಲ್ಲಿಯೂ ಬಲಿಗೆ ಸಲ್ಲುವವರು ಅಪರಾಧಿಗಳಲ್ಲ, ಯಾರ ಕೈಯೂ ಬಿಗಿಯಾಗಿ ಹಿಡಿದುಕೊಳ್ಳದವರು. ಆದರೆ ಭೇದವೂ ಇದೆ. ಶುನಃಶೇಪನು ದೇವತೆಗಳನ್ನು ಸ್ತುತಿಸಿ ಪಾಶದಿಂದ ಬಿಡುಗಡೆ ಹೊಂದುತ್ತಾನೆ. ಕರೆಯಬಂದ ತಂದೆಯನ್ನು ನಿರಾಕರಿಸಿ ವಿಶ್ವಾಮಿತ್ರನ ಮಗನಾಗುತ್ತಾನೆ. ಭಾಗೀರಥಿಗೆ ಹಾಗೆ ಕೈಹಿಡಿಯುವ ವಿಶ್ವಾಮಿತ್ರನು ಸಿಕ್ಕಲಿಲ್ಲ. ಅಂಥವನನ್ನು ಹುಡುಕಿಕೊಂಡು ಅವಳು ಹೋದುದೇ ಹಾಡಿನ ಮಧ್ಯಭಾಗ.

ಅವಳಿಗೆ ಯಾರೂ ಎದುರು ನಿಂತು ಸುದ್ದಿಯನ್ನು ಹೇಳಿದಂತಿಲ್ಲ, ಹೇಗೋ ತಿಳಿದಿದೆ. ತವರಿಗೆ ಬಂದ ಮಗಳ ಕಣ್ಣೀರನ್ನು ಕಂಡು ತಂದೆ ಕಾರಣವನ್ನು ಕೇಳಿದರೆ, ಅತ್ತೆಮಾವಂದಿರು ತನ್ನನ್ನು ಬೇರೆಯಿಡುತ್ತಾರೆಂದಷ್ಟೆ ಹೇಳುತ್ತಾಳೆ. ತಂದೆ ಹೊಲಮನೆಯನ್ನು ಕೊಡಿಸುವೆನೆಂದು ಸಮಾಧಾನ ಮಾಡುತ್ತಾನೆ. ತಾಯಿ ಒಡವೆಯ ಮಾತನ್ನಾಡುತ್ತಾಳೆ. ನಿಜವನ್ನು ಅವಳು ಹೇಳುವುದು ಗೆಳತಿಗೆ ಮಾತ್ರ. ಗೆಳತಿಯ ಉತ್ತರವಾದರೋ, ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬ ಅರ್ಥದ್ದು.

ತಂದೆಯೊಡನೆ ಅವಳು ಸುಳ್ಳನ್ನೇಕೆ ಆಡಿದಳು? ಎರಡು ಮನೆಗಳ ನಡುವೆ ಕಲಹವಾದೀತೆಂಬ ಭಯವೇ, ತಂದೆಯು ತನ್ನ ಕಣ್ಣೀರನ್ನು ನೋಡಿಯೇ ಅರಿತುಕೊಳ್ಳಲಿ ಎಂಬ ಆಸೆಯೇ, ಅಥವಾ ನಿಜವನ್ನು ಹೇಳಿದರೂ ಸಹಿಸಿಕೊಂಡಿರು ಎಂದಾನೆಂಬ ಶಂಕೆಯೇ? ಹಾಡು ನಿರ್ಣಯಿಸುವುದಿಲ್ಲ. ಆದರೆ ತಂದೆಯ ಹೊಲಮನೆಯ ಮಾತಿಗೆ ಅವಳು ಅದಕ್ಕೆ ಬೆಂಕಿ ಬೀಳಲಿ ಎಂದು ಸಿಡಿಯುತ್ತಾಳೆ. ಸ್ವಸಂತೋಷದಿಂದ ಪ್ರಾಣವನ್ನು ಕೊಡಲು ಹೊರಟವಳ ನುಡಿ ಇದಲ್ಲ. ಗೆಳತಿಯು ಕ್ರೂರಳೆಂದೂ ಹೇಳಲಾಗದು. ತನಗೆ ಕಲಿಸಿದ್ದ ಧರ್ಮವನ್ನೇ ಅವಳು ಹಿಂದಕ್ಕೆ ಒಪ್ಪಿಸಿದಳು. ನಿಜವನ್ನು ಕೇಳಿಯೂ ಏನನ್ನೂ ಮಾಡದ ಸಜ್ಜನಿಕೆ ಹೇಗಿರುವುದೆಂಬುದಕ್ಕೆ ಈ ಗೆಳತಿಯು ಉದಾಹರಣೆ.

ಇನ್ನು ಬಲಿಯ ಸಂದರ್ಭ. ಮನೆಯವರೆಲ್ಲ ಕೆರೆಗೆ ಹೋಗಿ ಗಂಗೆಯನ್ನು ಪೂಜಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲು ಅಲ್ಲಿಯೇ ಉಳಿದಿರುತ್ತದೆ. ತರಲು ಹೇಳಿದರೆ ಉಳಿದವರು ಒಲ್ಲೆನೆನ್ನುತ್ತಾರೆ; ಕೊನೆಗೆ ಕೆಲಸವು ಕಿರಿಯ ಸೊಸೆಯ ಪಾಲಿಗೆ ಬರುತ್ತದೆ. ಮರೆವೋ ಉಪಾಯವೋ ಎಂಬುದನ್ನು ಕೇಳುವವರೇ ಊಹಿಸಬೇಕು. ಬಟ್ಟಲನ್ನು ತೆಗೆದುಕೊಂಡು ಅವಳು ಬಿರಬಿರನೆ ಹೊರಡುತ್ತಾಳೆ. ಒಂದೊಂದು ಮೆಟ್ಟಿಲನ್ನು ಏರುವಷ್ಟರಲ್ಲಿ ನೀರು ಒಂದೊಂದು ಪ್ರಮಾಣ ಏರುತ್ತದೆ: ಮೊದಲು ಪಾದಕ್ಕೆ, ಬಳಿಕ ಮೊಣಕಾಲಿಗೆ, ನಡುವಿಗೆ, ಐದನೆಯ ಮೆಟ್ಟಿಲಿಗೆ ಕೆರೆ ತುಂಬುತ್ತದೆ. ತ್ಯಾಗದ ಚಿತ್ರಗಳಲ್ಲಿ ಅವಳು ಇಳಿಯುವಂತೆ ಬರೆಯುವರು. ಹಾಡಿನಲ್ಲಿ ಅವಳು ಇಳಿಯುತ್ತಿಲ್ಲ, ಏರುತ್ತಿದ್ದಾಳೆ. ಮನೆಯತ್ತ ಹೆಜ್ಜೆಯಿಡುತ್ತಿರುವಾಗ ನೀರು ಅವಳನ್ನು ಹಿಡಿಯಿತು. ಕವಿಯು ಒಂದು ಕ್ರಿಯಾಪದದಿಂದ ಹೇಳಿದ ಈ ಸಂಗತಿಯನ್ನು ಫಲಶ್ರುತಿಗಾರರು ಗಮನಿಸಿದಂತಿಲ್ಲ.

ದಂಡಿನಲ್ಲಿದ್ದ ಗಂಡ ಮಾದೇವರಾಯನು ದುಃಸ್ವಪ್ನವನ್ನು ಕಂಡು ಕುದುರೆಯೇರಿ ಬರುತ್ತಾನೆ. ಹೆಂಡತಿ ತವರಿಗೆ ಹೋಗಿರುವಳೆಂದು ಮನೆಯವರು ಹೇಳುತ್ತಾರೆ. ತವರಿನಿಂದ ಗೆಳತಿಯ ಮನೆಗೆ ಹೋದಾಗಲೇ ಅವನಿಗೆ ನಿಜವು ತಿಳಿಯುವುದು. ಅವನೂ ಅದೇ ಕೆರೆಗೆ ಬೀಳುತ್ತಾನೆ. ಹಿರಿಯರು ಧರ್ಮವನ್ನೇ ಆಚರಿಸಿದ್ದರೆ ಮಗನ ಮುಂದೆ ಅದನ್ನು ಮುಚ್ಚಿಡಬೇಕಾಗಿತ್ತೆ? ಮನೆಯ ಹಿರಿತನವನ್ನು ಉಳಿಸಲು ಸೊಸೆಯನ್ನು ಕೊಟ್ಟ ಮನೆಯು ಮಗನನ್ನು ಕಳೆದುಕೊಂಡಿತು. ಹಾಡು ಯಾರನ್ನೂ ಬೈಯದೆ ಈ ಲೆಕ್ಕವನ್ನು ಮುಂದಿಟ್ಟು ಸುಮ್ಮನಾಗುತ್ತದೆ.

ಹಳೆಯ ಕಾಲದ ನಂಬಿಕೆಯನ್ನು ಇಂದಿನ ವಿವೇಕದಿಂದ ಅಳೆಯುವುದು ಅನ್ಯಾಯವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ; ಮಲ್ಲನಗೌಡನಿಗೆ ಗಂಗೆಯ ಕೋಪವು ನಿಜವೇ ಆಗಿದ್ದಿತು. ಆದರೆ ಸುಳ್ಳನ್ನೂ ಕಣ್ಣೀರನ್ನೂ ಬಟ್ಟಲನ್ನೂ ಹಾಡಿನೊಳಗೆ ಇಟ್ಟವರು ಇಂದಿನವರಲ್ಲ, ಅಂದು ಹಾಡಿದ ಹೆಂಗಸರೇ.

ಆದುದರಿಂದ ಮಕ್ಕಳಿಗೆ ಈ ಕಥೆಯನ್ನು ಹೇಳುವ ತಾಯಿತಂದೆಗಳು ಫಲಶ್ರುತಿಗೆ ಬದಲಾಗಿ ಕೆಲವು ಪ್ರಶ್ನೆಗಳನ್ನು ಕೇಳುವುದು ಮೇಲು. ಮಲ್ಲವ್ವನು ಉಳಿದುದಕ್ಕೆ ಕಾರಣವೇನು? ಅವಳು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಗೆಳತಿಗೆ ಗೆಳೆತನದ ಋಣ ದೊಡ್ಡದೋ, ಊರಿನ ಋಣ ದೊಡ್ಡದೋ? ಮಾದೇವರಾಯನು ಒಂದು ದಿನ ಮೊದಲು ಬಂದಿದ್ದರೆ ತಂದೆಯ ಮಾತನ್ನು ಮೀರಬೇಕಾಗಿತ್ತೆ? ಭಾಗೀರಥಿಯು ಊರಿಗಾಗಿ ಪ್ರಾಣವನ್ನು ಕೊಟ್ಟಳೆಂದು ಮಗುವು ಉತ್ತರಿಸಿದರೆ, ಹಾಗೆಂದು ಅವಳು ಹೇಳಿದ್ದು ಯಾವ ನುಡಿಯಲ್ಲಿ ಎಂದು ಮರುಪ್ರಶ್ನೆ ಹಾಕಬೇಕು. ಹುಡುಕಿದರೆ ಅಂಥ ನುಡಿ ಸಿಕ್ಕದು. ಕೊಟ್ಟವರು ಬೇರೆ, ಹೋದವಳು ಬೇರೆ ಎಂಬುದು ಆಗ ಮಗುವಿಗೆ ತಾನಾಗಿಯೇ ತಿಳಿದೀತು.